ಪರದೆಯ ಹಿಂದೆ ನಿಂತು ನೀರು ಹಂಚಿದರೆ

ಕೇಳುಗರಿಗೆ ನಮಸ್ಕಾರ.

2024ರ ಬೇಸಿಗೆ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದವು. ಟ್ಯಾಂಕರ್ ನೀರಿನ ಬೆಲೆ ಏರಿ, ಕೊನೆಗೆ ಸರ್ಕಾರವೇ ದರ ಗೊತ್ತುಮಾಡಬೇಕಾಯಿತು. ಆಗ ಎಲ್ಲ ಕಡೆ ಒಂದೇ ಜಗಳ: ಯಾರಿಗೆ ಎಷ್ಟು ನೀರು, ಅದನ್ನು ತೀರ್ಮಾನಿಸುವವರು ಯಾರು?

ಇಂಥ ಜಗಳಕ್ಕೆ ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ ಒಂದು ದಾರಿ ಹೇಳಿದರು. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದವರು. ಅವರ ದೊಡ್ಡ ಗ್ರಂಥ ಬಂದದ್ದು 1971ರಲ್ಲಿ. ಸಮಾಜದ ನಿಯಮಗಳನ್ನು ಆರಿಸುವಾಗ ನಾವು ಒಂದು ಪರದೆಯ ಹಿಂದೆ ಇದ್ದೇವೆ ಎಂದುಕೊಳ್ಳಿ, ಎನ್ನುತ್ತಾರೆ ಅವರು. ನೀರು ಎಲ್ಲಿಂದ ಬರುತ್ತದೆ, ಪಂಪಿಗೆ ಎಷ್ಟು ಖರ್ಚು, ಮನುಷ್ಯನಿಗೆ ಏನೇನು ಬೇಕು, ಇವೆಲ್ಲ ನಮಗೆ ಗೊತ್ತು. ಆದರೆ ನಾವು ಯಾರು ಅನ್ನುವುದು ಮಾತ್ರ ಗೊತ್ತಿಲ್ಲ. ಜಾತಿ, ದುಡ್ಡು, ವಯಸ್ಸು, ಬುದ್ಧಿ, ದೇವರಲ್ಲಿ ನಂಬಿಕೆ, ಯಾವುದೂ ಗೊತ್ತಿಲ್ಲ. ಪರದೆ ಸರಿದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಇರಬಹುದು, ಕಟ್ಟಡ ಕೆಲಸದವರ ಶೆಡ್ಡಿನಲ್ಲೂ ಇರಬಹುದು.

ಇದನ್ನು ಬಹಳ ಜನ ‘ಬಡವರ ಕಷ್ಟ ನೋಡಿ ಕರುಣೆ ಇರಲಿ’ ಎಂಬ ಮಾತು ಅಂದುಕೊಳ್ಳುತ್ತಾರೆ. ಹಾಗಲ್ಲ. ಪರದೆಯ ಹಿಂದಿನವರು ತಮ್ಮ ಪಾಲನ್ನೇ ನೋಡಿಕೊಳ್ಳುವವರು. ಆದರೆ ತಾವು ಯಾರೆಂದು ಗೊತ್ತಿಲ್ಲದ್ದರಿಂದ ಎಲ್ಲರ ಪಾಲನ್ನೂ ನೋಡಲೇಬೇಕಾಗುತ್ತದೆ.

ನಿಜವಾದ ಸಭೆಯಲ್ಲಿ ಪರದೆ ಜಾರಿಹೋಗುವುದು ಬಹಳ ಸುಲಭ. ಅದನ್ನು ಹೀಗೆ ಗುರುತಿಸಬಹುದು. ‘ನಾವು ಲಕ್ಷಾಂತರ ರೂಪಾಯಿ ಕೊಟ್ಟು ಬೋರ್ ಕೊರೆಸಿದ್ದೇವೆ, ನಮಗೆ ಜಾಸ್ತಿ ಬೇಕು’ ಎಂದು ಒಬ್ಬರು ವಾದಿಸುತ್ತಾರೆ. ತಾವು ಯಾರೆಂದು ತಿಳಿಯದೆ ಈ ಮಾತು ಹೇಳಲು ಬರುವುದೇ ಇಲ್ಲ. ಇನ್ನೊಬ್ಬರು, ‘ಹೆಚ್ಚು ಬಳಸುವವರು ಹೆಚ್ಚು ದರ ಕೊಟ್ಟರೆ ಆ ಹಣದಿಂದ ಇನ್ನಷ್ಟು ನೀರು ತರಿಸಬಹುದು’ ಎನ್ನುತ್ತಾರೆ. ಇದನ್ನು ಯಾರು ಬೇಕಾದರೂ ಹೇಳಬಹುದು. ಎರಡನೆಯ ವಾದ ಉಳಿಯುತ್ತದೆ, ಮೊದಲನೆಯದು ಬಿದ್ದುಹೋಗುತ್ತದೆ.

ಈಗ ಒಂದು ಲೆಕ್ಕ ನೋಡೋಣ. ಅಂಕಿಗಳು ನಾನು ಕಲ್ಪಿಸಿದವು. ಒಂದು ಬಡಾವಣೆಯಲ್ಲಿ ಮೂರು ಗುಂಪು: ಅಪಾರ್ಟ್‌ಮೆಂಟಿನವರು, ಚಿಕ್ಕ ಮನೆಗಳವರು, ಶೆಡ್ಡಿನವರು. ಮೂರರಲ್ಲೂ ಸಮಾನ ಜನ.

ಮೊದಲ ನಿಯಮ, ದುಡ್ಡಿದ್ದವರು ಕೊಳ್ಳಲಿ. ತಲೆಗೆ ದಿನಕ್ಕೆ ಅಪಾರ್ಟ್‌ಮೆಂಟಿನವರಿಗೆ 200 ಲೀಟರ್, ಚಿಕ್ಕ ಮನೆಯವರಿಗೆ 120, ಶೆಡ್ಡಿನವರಿಗೆ 25. ಸರಾಸರಿ 115.

ಎರಡನೆಯದು, ಎಲ್ಲರಿಗೂ ಒಂದೇ ಸಮ. ಆದರೆ ಹೆಚ್ಚು ದರ ಕೊಡುವವರೇ ಇಲ್ಲದ್ದರಿಂದ ಹೊರಗಿನಿಂದ ತರಿಸುವ ನೀರು ಕಡಿಮೆ. ತಲೆಗೆ 80 ಲೀಟರ್.

ಮೂರನೆಯದು, ಬಳಕೆ ಹೆಚ್ಚಿದಂತೆ ದರವೂ ಹೆಚ್ಚು. ನಮ್ಮ ನೀರಿನ ಬಿಲ್ಲಿನಲ್ಲಿರುವ ಸ್ಲ್ಯಾಬ್ ಹಾಗೆ. ಹೆಚ್ಚು ಬಳಸುವವರಿಂದ ಬಂದ ಹಣದಲ್ಲಿ ಶೆಡ್ಡಿನವರಿಗೂ ನೀರು. ಆಗ 130, 100, 85. ಸರಾಸರಿ 105.

ರಾಲ್ಸ್ ಪ್ರಕಾರ ಪರದೆಯ ಹಿಂದಿನವರು ಮೂರನೆಯದನ್ನು ಆರಿಸುತ್ತಾರೆ. ಯಾವ ನಿಯಮದಲ್ಲಿ ಎಲ್ಲರಿಗಿಂತ ಕೆಳಗಿರುವವರ ಪಾಲು ಹೆಚ್ಚೋ ಅದು. ಗಮನಿಸಿ, ಇದು ಸಮಪಾಲಲ್ಲ. ಸಮ ಮಾಡಿದರೆ ಕೆಳಗಿನವರಿಗೇ 5 ಲೀಟರ್ ಕಡಿಮೆ. ಮೇಲಿನವರಿಗೆ ಹೆಚ್ಚು ಸಿಗಬಹುದು, ಆದರೆ ಆ ವ್ಯತ್ಯಾಸದಿಂದ ಕೆಳಗಿನವರಿಗೂ ಲಾಭ ಆಗಬೇಕು. ಇದನ್ನೇ ವ್ಯತ್ಯಾಸ ತತ್ವ ಎನ್ನುತ್ತಾರೆ.

ಇದಕ್ಕೂ ಮೊದಲು ರಾಲ್ಸ್ ಇನ್ನೊಂದು ತತ್ವ ಇಟ್ಟಿದ್ದಾರೆ: ಎಲ್ಲರ ಮೂಲ ಸ್ವಾತಂತ್ರ್ಯಗಳೂ ಸಮಾನ, ಅವುಗಳನ್ನು ಕೊಟ್ಟು ಲೀಟರ್ ಕೊಳ್ಳುವಂತಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಚೌದಾರ್ ಕೆರೆಯ ನೀರು ಕುಡಿದು ಎತ್ತಿದ ಪ್ರಶ್ನೆ ಎಷ್ಟು ನೀರು ಎಂಬುದಲ್ಲ. ಮುಟ್ಟುವ ಹಕ್ಕು ಯಾರದು ಎಂಬುದು. ‘ನೀವು ಕೆರೆಗೆ ಬರಬೇಡಿ, ಮನೆ ಬಾಗಿಲಿಗೇ 300 ಲೀಟರ್ ಕಳಿಸುತ್ತೇವೆ’ ಎಂದರೂ ಪರದೆಯ ಹಿಂದೆ ಅದನ್ನು ಯಾರೂ ಒಪ್ಪುವುದಿಲ್ಲ.

ಲೆಕ್ಕಕ್ಕೆ ಬರೋಣ. ಇದಕ್ಕೆ ಗಟ್ಟಿಯಾದ ಆಕ್ಷೇಪ ಬಂದದ್ದು ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ ಅವರಿಂದ. ಮುಂದೆ 1994ರಲ್ಲಿ ನೊಬೆಲ್ ಪಡೆದವರು. ಯಾವ ಗುಂಪಿಗೆ ಸೇರುತ್ತೇನೋ ಗೊತ್ತಿಲ್ಲದಿದ್ದರೆ ಪ್ರತಿಯೊಂದಕ್ಕೂ ಸಮ ಸಾಧ್ಯತೆ ಇಟ್ಟುಕೊಳ್ಳಬೇಕು, ಸರಾಸರಿ ಒಳಿತು ಹೆಚ್ಚಿರುವ ಕಡೆ ಹೋಗಬೇಕು ಎಂಬುದು ಅವರ ವಾದ. ನಮ್ಮ ಲೀಟರ್‌ಗಳನ್ನೇ ಒಳಿತು ಎಂದುಕೊಂಡರೆ 115ರ ಮೊದಲ ನಿಯಮವೇ ಗೆಲ್ಲುತ್ತದೆ. ನಿಜದಲ್ಲಿ ಬಾಯಾರಿದವನ ಒಂದು ಲೀಟರಿಗೆ ಬೆಲೆ ಜಾಸ್ತಿ, ಅದನ್ನು ಹರ್ಸಾನಿಯೂ ಒಪ್ಪುತ್ತಿದ್ದರು. ಆದರೂ ಕೆಳಗಿನವರನ್ನು ಮಾತ್ರ ನೋಡುವುದು ವಿಪರೀತ ಎಂದರು. ನಾಲ್ಕನೆಯ ನಿಯಮವೊಂದರಲ್ಲಿ 250, 140, 84 ಸಿಗುತ್ತದೆ ಎನ್ನಿ. ಒಂದೇ ಲೀಟರಿನ ಕೊರತೆಗಾಗಿ ಇದನ್ನು ತಳ್ಳಿಹಾಕಬೇಕೇ?

ರಾಲ್ಸ್ ಕೊಟ್ಟ ಉತ್ತರದಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸುವ ಮಾತು ಹೀಗಿದೆ. ಇದು ಒಂದು ಸಲದ ಲಾಟರಿ ಅಲ್ಲ. ಆರಿಸಿದ ನಿಯಮದಲ್ಲಿ ಇಡೀ ಬದುಕು ಕಳೆಯಬೇಕು, ಮಕ್ಕಳೂ ಅದರಲ್ಲೇ ಬೆಳೆಯಬೇಕು. 25 ಲೀಟರ್ ಸಿಕ್ಕವರಿಗೆ, ‘ಸರಾಸರಿ 115 ಇದೆಯಲ್ಲ, ಒಪ್ಪಿಕೊಂಡಿದ್ದಿರಿ ಅಲ್ವಾ’ ಎಂದು ಹೇಳಲು ಬಾಯಿ ಬರುತ್ತದೆಯೇ? ಉಳಿಸಿಕೊಳ್ಳಲಾಗದ ಮಾತನ್ನು ಕೊಡಬಾರದು ಎನ್ನುತ್ತಾರೆ ರಾಲ್ಸ್.

ಜನ ನಿಜವಾಗಿ ಏನು ಆರಿಸುತ್ತಾರೆ? ನಾರ್ಮನ್ ಫ್ರೋಲಿಕ್ ಮತ್ತು ಜೋ ಓಪನ್‌ಹೈಮರ್ ಎಂಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳನ್ನು ಐದೈದು ಜನರ ಗುಂಪು ಮಾಡಿ, ಯಾರಿಗೆ ಎಷ್ಟು ಆದಾಯ ಬೀಳುತ್ತದೆ ಎಂದು ತಿಳಿಸದೆ, ಹಂಚುವ ನಿಯಮ ಆರಿಸಲು ಹೇಳಿದರು. ವ್ಯತ್ಯಾಸ ತತ್ವಕ್ಕೆ ಒಪ್ಪಿದ ಗುಂಪುಗಳು ಸಿಕ್ಕಿದ್ದು ಅಪರೂಪ. ಬರೀ ಸರಾಸರಿಯನ್ನು ಆರಿಸಿದವೂ ಕಡಿಮೆ. ಹೆಚ್ಚಿನ ಗುಂಪುಗಳು ಯಾರೂ ಇಷ್ಟಕ್ಕಿಂತ ಕೆಳಗೆ ಬೀಳಬಾರದು ಎಂದು ಮೊದಲು ಒಂದು ಗೆರೆ ಹಾಕಿದವು, ಆಮೇಲೆ ಸರಾಸರಿ ನೋಡಿದವು.

ನಮ್ಮ ಬಡಾವಣೆಯಲ್ಲಿ 60 ಲೀಟರಿಗೆ ಗೆರೆ ಹಾಕಿದರೆ ಮೊದಲ ನಿಯಮ ಅಲ್ಲೇ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಆ ವಿದ್ಯಾರ್ಥಿಗಳೂ ರಾಲ್ಸ್ ಅವರೂ ಒಂದೇ ಕಡೆ. ಆಮೇಲೆ ಅವರು ನಾಲ್ಕನೆಯದಕ್ಕೆ ಹೋಗುತ್ತಾರೆ, ರಾಲ್ಸ್ ಮೂರನೆಯದರಲ್ಲೇ ನಿಲ್ಲುತ್ತಾರೆ. ನನಗೂ ಆ ಒಂದು ಲೀಟರಿಗಾಗಿ ಹಟ ಹಿಡಿಯುವುದು ಸರಿ ಅನ್ನಿಸುವುದಿಲ್ಲ. ಆದರೆ ಗೆರೆ 60ಕ್ಕೇ ಯಾಕೆ, 40ಕ್ಕೆ ಯಾಕಲ್ಲ ಎಂದು ಕೇಳಿದರೆ ಉತ್ತರ ಕಷ್ಟ. ಗೆರೆ ಎಳೆಯುವ ಕೈ ಯಾರದು ಎಂಬ ಪ್ರಶ್ನೆ ಮತ್ತೆ ಪರದೆಯ ಹಿಂದಕ್ಕೇ ಕರೆದುಕೊಂಡು ಹೋಗುತ್ತದೆ.

ಒಂದು ಮಿತಿಯನ್ನು ಹೇಳಲೇಬೇಕು. ರಾಲ್ಸ್ ಈ ಯೋಚನೆ ಮಾಡಿದ್ದು ಸಂವಿಧಾನ, ಆಸ್ತಿ, ತೆರಿಗೆಯಂಥ ಸಮಾಜದ ಮೂಲ ಚೌಕಟ್ಟಿಗೆ. ಒಂದು ಬಡಾವಣೆಯ ಟ್ಯಾಂಕರಿಗೆ ನಾನು ಅದನ್ನು ಇಳಿಸಿದ್ದು ಲೆಕ್ಕ ಕಣ್ಣಿಗೆ ಕಾಣಲಿ ಎಂದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 1971ರ ಗ್ರಂಥದಲ್ಲಿ ಪರದೆಯ ಹಿಂದೆ ಕೂತವರನ್ನು ಕುಟುಂಬದ ಯಜಮಾನರು ಎಂದೇ ಭಾವಿಸಲಾಗಿತ್ತು. ಸ್ತ್ರೀವಾದಿ ಚಿಂತಕಿ ಸೂಸನ್ ಮೊಲ್ಲರ್ ಓಕಿನ್ 1989ರಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. ಗಂಡೋ ಹೆಣ್ಣೋ ಎಂಬುದೂ ಪರದೆಯ ಹಿಂದೆ ತಿಳಿಯಬಾರದು, ಮನೆಯೊಳಗಿನ ಹಂಚಿಕೆಯೂ ನ್ಯಾಯದ ವಿಷಯವೇ ಎಂದರು. ನನ್ನ ಲೆಕ್ಕದಲ್ಲೂ ಅದೇ ಕೊರತೆ ಇದೆ. ಶೆಡ್ಡಿನವರಿಗೆ ತಲೆಗೆ 85 ಲೀಟರ್ ಎಂದೆ. ಅದನ್ನು ಕೊಡದಲ್ಲಿ ಹೊತ್ತು ತರುವುದು ಯಾರು, ಟ್ಯಾಂಕರಿಗಾಗಿ ಅರ್ಧ ದಿನ ಕೆಲಸ ಬಿಟ್ಟು ಕಾಯುವುದು ಯಾರು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಆ ಗಂಟೆಗಳನ್ನೂ ಲೀಟರಿನ ಪಕ್ಕದಲ್ಲಿ ಬರೆದರೆ, ನಾಲ್ಕೂ ನಿಯಮಗಳಲ್ಲಿ ಎಲ್ಲರಿಗಿಂತ ಕೆಳಗಿರುವವರು ಯಾರು ಎಂಬುದನ್ನು ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.

ನಮಸ್ಕಾರ.