ಪಿ.ಎಫ್. ಕಡಿತದಿಂದ ಬೇಸಿಕ್ ಎಷ್ಟು ಅಂತ ತಿಳ್ಕೊಳ್ಳೋದು

ಕೇಳುಗರಿಗೆಲ್ಲ ನಮಸ್ಕಾರ. ಪುಣೆಯಲ್ಲಿ ಭೋಸರಿ, ಚಾಕಣ್, ಆ ಕಡೆ ಠಾಣೆ, ಡೊಂಬಿವಲಿ ಇಲ್ಲೆಲ್ಲ ದುಡೀತಿರೋ ನಮ್ಮ ಕನ್ನಡದವರು ಕೇಳ್ತಿದೀರಿ ಅಂದ್ಕೊಂಡು ಮಾತಾಡ್ತೀನಿ. ನಾನು ಕಾರ್ಖಾನೆಗಳಲ್ಲಿ ಸಂಬಳದ ಲೆಕ್ಕ ಮಾಡ್ತಾ ತಲೆ ಬೆಳ್ಳಗೆ ಮಾಡ್ಕೊಂಡವನು. ಇವತ್ತು ಹೇಳೋದು ಒಂದೇ ವಿಷಯ. ನಿಮ್ಮ ಸ್ಲಿಪ್ಪಲ್ಲಿ ಬೇಸಿಕ್ ಎಷ್ಟು ಅಂತ ಬರೆದಿಲ್ಲ, ಬರೀ ಗ್ರಾಸ್, ಪಿ.ಎಫ್., ಇ.ಎಸ್.ಐ., ಪಿ.ಟಿ., ಕೊನೆಗೆ ಕೈಗೆ ಬರೋ ದುಡ್ಡು ಅಷ್ಟೇ ಇದೆ ಅಂದ್ರೆ, ಪಿ.ಎಫ್. ಅಂಕಿ ಹಿಡ್ಕೊಂಡು ಬೇಸಿಕ್ ಹೇಗೆ ಕಂಡುಹಿಡಿಯೋದು ಅನ್ನೋದು.

ಪಿ.ಎಫ್. ಅಂಕೀನ 12ರಿಂದ ಭಾಗಿಸಿ, ಮುಂದೆ ಎರಡು ಸೊನ್ನೆ ಹಾಕಿ, ಅಂದ್ರೆ ನೂರರಿಂದ ಗುಣಿಸಿ. ಆಯ್ತು. ಯಾಕಂದ್ರೆ ನಿಮ್ಮ ಸಂಬಳದಿಂದ ಪಿ.ಎಫ್.ಗೆ ಹಿಡಿಯೋದು ನೂರಕ್ಕೆ 12 ರೂಪಾಯಿ, ಅದೂ ಇಡೀ ಗ್ರಾಸ್ ಮೇಲಲ್ಲ, ಬೇಸಿಕ್ ಮತ್ತೆ ಡಿ.ಎ. ಮೇಲೆ ಮಾತ್ರ. ಮನೆ ಬಾಡಿಗೆ ಭತ್ಯೆ ಅದರಲ್ಲಿ ಬರಲ್ಲ, ಓವರ್‌ಟೈಮ್ ಬರಲ್ಲ, ಬೋನಸ್ ಬರಲ್ಲ. ಹಾಗೇ ಪಕ್ಕದ ಪಿ.ಟಿ. ನೋಡಿ ಲೆಕ್ಕ ಹಾಕ್ಬೇಡಿ ಮಾರಾಯ್ರೆ, ಅದು ರಾಜ್ಯ ಸರ್ಕಾರದ ವೃತ್ತಿ ತೆರಿಗೆ, ಮಹಾರಾಷ್ಟ್ರದಲ್ಲಿ ಹೆಚ್ಚಿನವರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಅದಕ್ಕೂ ನಿಮ್ಮ ಬೇಸಿಕ್ಕಿಗೂ ಸಂಬಂಧ ಇಲ್ಲ.

ಈಗ ಒಬ್ಬ ಹುಡುಗನ ಕಥೆ ಹೇಳ್ತೀನಿ. ವಿಜಯಪುರದ ಕಡೆಯವನು, ಭೋಸರಿಯ ಒಂದು ವರ್ಕ್‌ಶಾಪಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದ. ಒಂದಿನ ಸಂಜೆ ಸ್ಲಿಪ್ ಹಿಡ್ಕೊಂಡು ಬಂದು, "ಕಾಕಾರ, ಮೋಸ ಮಾಡ್ಯಾರ್ರಿ ನನಗ, ಪತ್ರದಾಗ ಬೇಸಿಕ್ 13,500 ಅಂತ ಬರದು ಕೊಟ್ಟಾರ, ಸ್ಲಿಪ್ಪಿನ ಲೆಕ್ಕ ಹಾಕಿದ್ರ ಅಷ್ಟು ಬರಂಗಿಲ್ರಿ" ಅಂದ. ಯಾರೋ ಅವನಿಗೆ ಈ ಭಾಗಾಕಾರ ಹೇಳಿಕೊಟ್ಟಿದ್ರು, ಅದು ಸರೀನೇ. ಸ್ಲಿಪ್ಪಲ್ಲಿ ಪಿ.ಎಫ್. 1,404. ಹನ್ನೆರಡರಿಂದ ಭಾಗಿಸಿದ್ರೆ 117, ಎರಡು ಸೊನ್ನೆ ಹಾಕಿದ್ರೆ 11,700. ಅಂದ್ರೆ 1,800 ರೂಪಾಯಿ ಕಡಿಮೆ. ಹುಡುಗ ಆಗ್ಲೇ ಸೂಪರ್‌ವೈಸರ್ ಹತ್ರ ಜಗಳ ಆಡಿ ಬಂದಿದ್ದ, ನಾಳೆಯಿಂದ ಕೆಲಸಕ್ಕೆ ಹೋಗಲ್ಲ ಅಂತ ಬೇರೆ ಹಠ.

ನಾನು ಕೇಳಿದೆ, ತಮ್ಮಾ, ಇದು ಯಾವ ತಿಂಗಳದ್ದು? ಜೂನ್ ಅಂದ. ಜೂನಲ್ಲಿ ರಜೆ ಹಾಕಿದ್ಯಾ? "ಇಲ್ರೀ" ಅಂದ ಜೋರಾಗಿ. ಆಮೇಲೆ ಚಹಾ ಬಂತು, ಅರ್ಧ ಕುಡಿದ್ಮೇಲೆ ಮೆಲ್ಲಗೆ, "ಕಾರಹುಣ್ಣಿಮಿಗೆ ಊರಿಗೆ ಹೋಗಿದ್ನ್ರಿ, ನಾಕ ದಿನ" ಅಂದ. ಊರು, ಎತ್ತು, ಕರಿ ಹರಿಯೋದು, ಅವರಪ್ಪ ಹೊಸ ಹೋರಿ ತಂದದ್ದು ಎಲ್ಲ ಹೇಳಿದ, ನಾನೂ ಕೇಳಿದೆ, ಚೆನ್ನಾಗಿತ್ತು. ಆದ್ರೆ ಅವನ ರಜೆ ಮುಗಿದು ಹೋಗಿತ್ತು, ಆ ನಾಲ್ಕು ದಿನಕ್ಕೆ ಸಂಬಳ ಇಲ್ಲ. ಸ್ಲಿಪ್ಪಿನ ಮೂಲೇಲಿ ಸಣ್ಣ ಅಕ್ಷರದಲ್ಲಿ ಪೇಡ್ ಡೇಸ್ 26 ಅಂತ ಇತ್ತು, ಅದನ್ನ ಯಾರು ಓದ್ತಾರೆ ಹೇಳಿ!

ನೋಡಿ, ಪಿ.ಎಫ್. ಹಿಡಿಯೋದು ಆ ತಿಂಗಳು ನಿಜವಾಗಿ ಕೊಟ್ಟ ಬೇಸಿಕ್ ಮೇಲೆ, ಪತ್ರದಲ್ಲಿ ಬರೆದಿರೋದರ ಮೇಲಲ್ಲ. 11,700ನ್ನ 26ರಿಂದ ಭಾಗಿಸಿ, ದಿನಕ್ಕೆ 450 ಬಂತು. ಜೂನ್‌ಗೆ 30 ದಿನ, 450ನ್ನ 30ರಿಂದ ಗುಣಿಸಿ. 13,500. ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಹುಡುಗ ಅದನ್ನ ಮೊಬೈಲಲ್ಲಿ ಮೂರು ಸಲ ಒತ್ತಿ ನೋಡಿದ, ನಂಬಿಕೆ ಬರಲಿಲ್ಲ. ಜುಲೈನಲ್ಲಿ ಒಂದು ದಿನವೂ ತಪ್ಪಿಸಲಿಲ್ಲ, ಪಿ.ಎಫ್. 1,620 ಬಂತು, ಹನ್ನೆರಡರಿಂದ ಭಾಗಿಸಿದ್ರೆ 135, ಸೊನ್ನೆ ಹಾಕಿದ್ರೆ 13,500. ಆಮೇಲೆ ಸೂಪರ್‌ವೈಸರ್‌ಗೆ ಸಾರಿ ಹೇಳೋಕೆ ಅವನಿಗೆ ಕಷ್ಟ ಆಯ್ತು, ಅದು ಬೇರೆ ವಿಷಯ.

ಅದಕ್ಕೇ ಹೇಳೋದು, ಪೂರ್ತಿ ಹಾಜರಿ ಇದ್ದ ತಿಂಗಳ ಸ್ಲಿಪ್ ತಗೊಳ್ಳಿ. ಇಲ್ಲಾಂದ್ರೆ ಮೊದಲು ಪೇಡ್ ಡೇಸ್ ನೋಡಿ. ಕೆಲವು ಕಂಪ್ನಿಗಳು ತಿಂಗಳನ್ನ 26 ದಿನ ಅಂತ ಹಿಡಿದು ಕಡಿತ ಮಾಡ್ತವೆ, ಅಲ್ಲಿ 30ರ ಬದಲು 26ರಿಂದ ಗುಣಿಸ್ಬೇಕು. ಇನ್ನೊಂದು, ಪಿ.ಎಫ್. ಅನ್ನೋದು ಪೂರ್ತಿ ರೂಪಾಯಿಗೆ ಸುತ್ತಿಸಿರ್ತಾರೆ, ಹಾಗಾಗಿ ನಿಮ್ಮ ಲೆಕ್ಕ ನಾಲ್ಕು ರೂಪಾಯಿ ಆಚೆ ಈಚೆ ಆಗಬಹುದು. ನಾಲ್ಕೇ ರೂಪಾಯಿ. ನಾನೂರು ವ್ಯತ್ಯಾಸ ಬಂದ್ರೆ ಅದು ಸುತ್ತಿಸಿದ್ದಲ್ಲ, ದಿನ ಕಡಿಮೆ ಆಗಿದೆ ಅಥವಾ ಬೇರೇನೋ ಇದೆ.

ಇನ್ನು ನಮ್ಮ ಮಹಾರಾಷ್ಟ್ರದ ಒಂದು ತೊಡಕು. ಇಲ್ಲಿ ಕನಿಷ್ಠ ವೇತನದಲ್ಲಿ ಡಿ.ಎ.ಗೆ ಸ್ಪೆಷಲ್ ಅಲೌನ್ಸ್ ಅಂತಾರೆ, ಮರಾಠಿಯಲ್ಲಿ ವಿಶೇಷ ಭತ್ತಾ, ಆರು ತಿಂಗಳಿಗೊಮ್ಮೆ ಬದಲಾಗತ್ತೆ. ಸ್ಲಿಪ್ಪಲ್ಲಿ ಬೇಸಿಕ್ 8,000 ಅಂತಿದೆ, ವಿಶೇಷ ಭತ್ತಾ 5,500 ಅಂತಿದೆ, ಪಿ.ಎಫ್. 1,620 ಹಿಡಿದಿದಾರೆ ಅಂದ್ರೆ ಗಾಬರಿ ಬೇಡ, ಎರಡೂ ಸೇರಿಸಿ ಹಿಡಿದಿದಾರೆ, ಅದು ಸರಿ. ಭಾಗಾಕಾರದಿಂದ ಸಿಗೋದು ಆ ಎರಡರ ಮೊತ್ತ.

ಈಗ 1,800ರ ವಿಷಯ, ಇದನ್ನ ಬೇಗ ಹೇಳಿ ಮುಗಿಸ್ಬೇಕು. ನಿಮ್ಮ ಪಿ.ಎಫ್. ತಿಂಗಳು ತಿಂಗಳೂ ಸರಿಯಾಗಿ 1,800 ಇದ್ರೆ ಭಾಗಿಸ್ಬೇಡಿ. ಭಾಗಿಸಿದ್ರೆ 15,000 ಬರತ್ತೆ, ಆದ್ರೆ ಅದು ನಿಮ್ಮ ಬೇಸಿಕ್ಕೇ ಅಂತ ಹೇಳಕ್ಕಾಗಲ್ಲ. 2014ರ ಸೆಪ್ಟೆಂಬರಿಂದ ಕಾನೂನಲ್ಲಿ ಪಿ.ಎಫ್. ಹಿಡಿಯೋ ವೇತನದ ಮಿತಿ 15,000, ಬೇಸಿಕ್ 40,000 ಇದ್ರೂ ಎಷ್ಟೋ ಕಂಪ್ನಿಗಳು ಅಷ್ಟಕ್ಕೇ ಹಿಡೀತವೆ. ಹಿಂಜವಡಿ ಕಡೆ ಐ.ಟಿ.ಯಲ್ಲಿರೋ ಮಕ್ಕಳು ಫೋನ್ ಮಾಡಿ, "ಅಂಕಲ್, ನನ್ನ ಬೇಸಿಕ್ ಬರೀ 15,000 ತೋರಿಸ್ತಿದಾರಾ" ಅಂತ ಕೇಳ್ತಾರೆ, ಪ್ರತೀ ಸಲ ಇದೇ ಉತ್ತರ ಹೇಳಿ ಸಾಕಾಗಿದೆ ನಂಗೆ.

ಆದ್ರೆ ಒಂದು ಉಪಾಯ ಇದೆ. ಸಂಬಳ ಇಲ್ಲದ ರಜೆ ಹಾಕಿದ ತಿಂಗಳು ನೋಡಿ. ಬೇಸಿಕ್ ಸರಿಯಾಗಿ 15,000 ಇದ್ದು 30ರಲ್ಲಿ ನಾಲ್ಕು ದಿನ ಹೋದ್ರೆ 13,000 ಉಳಿಯತ್ತೆ, ಪಿ.ಎಫ್. 1,560ಕ್ಕೆ ಇಳಿಯತ್ತೆ. ಬೇಸಿಕ್ 24,000 ಇದ್ದವರಿಗೆ ನಾಲ್ಕು ದಿನ ಹೋದ್ರೂ 20,800 ಉಳಿಯತ್ತೆ, ಪಿ.ಎಫ್. 1,800 ಅಲ್ಲಾಡಲ್ಲ. ಅಲ್ಲಾಡಲಿಲ್ಲ ಅಂದ್ರೆ ನಿಮ್ಮ ಬೇಸಿಕ್ ಮಿತಿ ದಾಟಿದೆ. ಎಷ್ಟು ದಾಟಿದೆ ಅನ್ನೋದಕ್ಕೆ ಅಪಾಯಿಂಟ್‌ಮೆಂಟ್ ಪತ್ರಾನೇ ತೆಗೀಬೇಕು, ಸ್ಲಿಪ್ಪು ಹೇಳಲ್ಲ.

ಮತ್ತೆ ಸ್ವಂತ ಇಚ್ಛೆಯಿಂದ ವಿ.ಪಿ.ಎಫ್. ಜಾಸ್ತಿ ಹಾಕ್ತಿದ್ರೆ ಅದನ್ನ ಕಳೆದು ಆಮೇಲೆ 12ರಿಂದ ಭಾಗಿಸಿ. ಭಾಗಾಕಾರದ ಮೇಲೆ ನಂಬಿಕೆ ಇಲ್ಲದವರು ಯು.ಎ.ಎನ್. ಹಾಕಿ ಪಿ.ಎಫ್. ಪಾಸ್‌ಬುಕ್ ತೆಗೀರಿ, ಉಮಂಗ್ ಆ್ಯಪಲ್ಲೂ ಸಿಗತ್ತೆ. ಅದರಲ್ಲಿ ತಿಂಗಳು ತಿಂಗಳಿಗೆ ಯಾವ ವೇತನದ ಮೇಲೆ ಪಿ.ಎಫ್. ಕಟ್ಟಿದಾರೆ ಅಂತ ಒಂದು ಕಾಲಮ್ಮೇ ಇದೆ. ಅದೂ ನಿಮ್ಮ ಲೆಕ್ಕವೂ ಹೊಂದಲಿಲ್ಲ ಅಂದ್ರೆ ಎರಡನ್ನೂ ಪ್ರಿಂಟ್ ತಗೊಂಡು ಎಚ್.ಆರ್. ಟೇಬಲ್ ಮೇಲೆ ಇಡಿ, ಪೇಡ್ ಡೇಸ್ ನೋಡಿದ್ಮೇಲೆ ಮಾತ್ರ. ನಮಸ್ಕಾರ.