ಗೀಸರ್‌ಗೆ ಎರಡೂವರೆ ಸ್ಕ್ವೇರ್ ವೈರ್ ಸಾಕೇ? ಹೊಸ ಮನೆಯ ಲೋಡ್ ಲೆಕ್ಕ ಮತ್ತು ವೈರಿನ ಗಾತ್ರ

[ದೃಶ್ಯ: ಗೋಡೆ ಕೊರೆದು ಕೂರಿಸಿದ ಪೈಪುಗಳು, ಇನ್ನೂ ಗಾರೆ ಆಗಿಲ್ಲ.]

ನಮಸ್ಕಾರ. ಹೊಸ ಮನೆಯ ಗೋಡೆಗೆ ಗಾರೆ ಬೀಳುವ ಮೊದಲೇ ಎರಡು ಲೆಕ್ಕಗಳು ಮುಗಿದಿರಬೇಕು. ಇಡೀ ಮನೆ ಒಂದೇ ವೇಳೆಗೆ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದು ಮೊದಲನೆಯದು, ಪ್ರತಿ ಸರ್ಕ್ಯೂಟಿಗೆ ಎಷ್ಟು ದಪ್ಪದ ವೈರ್ ಬೇಕು ಎಂಬುದು ಎರಡನೆಯದು. ಇಲ್ಲಿನ ಅಂಕಿಗಳೆಲ್ಲ 230 ವೋಲ್ಟಿನ ಸಿಂಗಲ್ ಫೇಸ್ ಪೂರೈಕೆಗೆ ಮತ್ತು ಪಿವಿಸಿ ಹೊದಿಕೆಯ ತಾಮ್ರದ ವೈರಿಗೆ ಸಂಬಂಧಿಸಿದವು.

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲಾ 3000 ವ್ಯಾಟಿನ ಎರಡು ಗೀಸರ್, 2000 ವ್ಯಾಟಿನ ಇಂಡಕ್ಷನ್ ಒಲೆ, ತಲಾ 1600 ವ್ಯಾಟಿನ ಎರಡು ಎ.ಸಿ., 2000 ವ್ಯಾಟಿನ ವಾಷಿಂಗ್ ಮಷಿನ್, 1000 ವ್ಯಾಟ್ ಎಳೆಯುವ ಪಂಪ್, ಉಳಿದಂತೆ ದೀಪ, ಫ್ಯಾನ್, ಫ್ರಿಜ್ ಸೇರಿ 1000 ವ್ಯಾಟ್. ಒಟ್ಟು 15,200 ವ್ಯಾಟ್, ಅಂದರೆ ಸುಮಾರು 66 ಆಂಪಿಯರ್. ಆದರೆ ಇವೆಲ್ಲ ಒಟ್ಟಿಗೆ ಓಡುವ ಗಳಿಗೆ ಬರುವುದು ಅಪರೂಪ. ಒಟ್ಟು ಲೋಡಿನಲ್ಲಿ ಇಂತಿಷ್ಟು ಶೇಕಡಾ ಎಂದು ಕಣ್ಣುಮುಚ್ಚಿ ಹಿಡಿಯುವುದಕ್ಕಿಂತ, ದಿನದ ಅತಿ ಭಾರದ ಒಂದು ಗಂಟೆಯನ್ನು ಕಾಗದದ ಮೇಲೆ ಬರೆಯುವುದೇ ಮೇಲೆಂದು ನನ್ನ ಅಭಿಪ್ರಾಯ. ಈ ಮನೆಯಲ್ಲಿ ಅದು ಬೆಳಗಿನ ಹೊತ್ತು: ಎರಡೂ ಗೀಸರ್, ಒಲೆ, ಪಂಪ್ ಮತ್ತು 600 ವ್ಯಾಟಿನಷ್ಟು ಸಣ್ಣಪುಟ್ಟ ಲೋಡ್ ಸೇರಿ 9600 ವ್ಯಾಟ್, ಅಂದರೆ ಸುಮಾರು 42 ಆಂಪಿಯರ್. ಪಂಪ್, ಎ.ಸಿ.ಯಂಥ ಮೋಟಾರ್ ಇರುವ ಉಪಕರಣಗಳು ವ್ಯಾಟ್ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಕರೆಂಟ್ ಎಳೆಯಬಹುದಾದ್ದರಿಂದ ಅವುಗಳ ಮೈಮೇಲಿನ ಫಲಕದಲ್ಲಿರುವ ಆಂಪಿಯರ್ ಅನ್ನೇ ನಂಬಬೇಕು. ಹಾಗಾಗಿ ಈ ಮನೆಗೆ 50 ಆಂಪಿಯರಿನ ಮೇನ್ ಹೊಂದುತ್ತದೆ.

[ದೃಶ್ಯ: ಒಂದೇ ಪೈಪಿನೊಳಗೆ ಹೋಗುತ್ತಿರುವ ಮೂರು ಸರ್ಕ್ಯೂಟಿನ ವೈರುಗಳು.]

ಇನ್ನು ವೈರಿನ ಗಾತ್ರ. ಕರೆಂಟ್ ಮಿತಿ ಮೀರಿದಾಗ ತಾನಾಗಿಯೇ ಬಿದ್ದು ಸಾಲನ್ನು ಕಡಿಯುವ ಸ್ವಿಚ್ಚೇ ಎಂಸಿಬಿ. ಉಪಕರಣ ಎಳೆಯುವ ಕರೆಂಟಿಗಿಂತ ಅದರ ಅಂಕಿ ಕಡಿಮೆ ಇರಬಾರದು. ಆ ಎಂಸಿಬಿಯ ಅಂಕಿಗಿಂತ ವೈರ್ ನಿಜವಾಗಿ ತಾಳುವ ಕರೆಂಟ್ ಕಡಿಮೆ ಇರಬಾರದು. ಎಂಸಿಬಿ ಇರುವುದು ಗೀಸರನ್ನು ಕಾಪಾಡಲು ಅಲ್ಲ, ಗೋಡೆಯೊಳಗಿನ ವೈರನ್ನು ಕಾಪಾಡಲು.

3000 ವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ಎಂಸಿಬಿ ಸರಿ. ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇದ್ದು ಸುತ್ತಲಿನ ಉಷ್ಣಾಂಶ 30 ಡಿಗ್ರಿ ಇದ್ದಾಗ 2.5 ಚದರ ಮಿ.ಮೀ. ವೈರ್, ಅಂದರೆ ಎರಡೂವರೆ ಸ್ಕ್ವೇರ್, 24 ಆಂಪಿಯರ್ ತಾಳುತ್ತದೆ. ಬಹಳ ಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಿಸಿಲಿಗೆ ಕಾದ ತಾರಸಿಯೊಳಗೆ ಹಾದುಹೋಗುವ ಪೈಪಿನ ಸುತ್ತ 40 ಡಿಗ್ರಿ ಇದ್ದರೆ ಆ ಸಾಮರ್ಥ್ಯವನ್ನು 0.87ರಿಂದ ಗುಣಿಸಬೇಕು. ಅದೇ ಪೈಪಿನಲ್ಲಿ ಇನ್ನೆರಡು ಸರ್ಕ್ಯೂಟುಗಳನ್ನು ತೂರಿಸಿದ್ದರೆ, ಒಂದರ ಬಿಸಿ ಇನ್ನೊಂದಕ್ಕೆ ತಗಲುವುದರಿಂದ, ಮತ್ತೆ 0.70ರಿಂದ ಗುಣಿಸಬೇಕು.

24 × 0.87 × 0.70 = 14.6

ವೈರ್ ತಾಳುವುದು 14.6 ಆಂಪಿಯರ್, ಅದನ್ನು ಕಾಯುತ್ತಿರುವುದು 16 ಆಂಪಿಯರಿನ ಎಂಸಿಬಿ. 13 ಆಂಪಿಯರಿನ ಗೀಸರ್ ಇರುವವರೆಗೆ ಏನೂ ಆಗಿದ್ದು ತಿಳಿಯುವುದಿಲ್ಲ. ಆದರೆ ಅದೇ ಸಾಲಿನಿಂದ ಮುಂದೆ ಯಾರಾದರೂ ಇನ್ನೊಂದು ಪ್ಲಗ್ ಎಳೆದುಕೊಂಡರೆ, ವೈರ್ ತನ್ನ ಮಿತಿ ದಾಟಿ ಬಿಸಿಯಾಗುತ್ತಿದ್ದರೂ ಎಂಸಿಬಿ ಬೀಳದಿರಬಹುದು. 16 ಆಂಪಿಯರಿನ ಎಂಸಿಬಿ 18 ಆಂಪಿಯರನ್ನು ಒಂದು ಗಂಟೆ ಬಿಡದೆ ಹೊರುವಂತೆಯೇ ತಯಾರಾಗಿರುತ್ತದೆ.

ಪರಿಹಾರ ಎರಡು. ಗೀಸರಿಗೆ ಪ್ರತ್ಯೇಕ ಪೈಪು ಕೊಟ್ಟರೆ ಎರಡೂವರೆ ಸ್ಕ್ವೇರ್ ವೈರೇ 20.9 ಆಂಪಿಯರ್ ತಾಳುತ್ತದೆ. ಪೈಪು ಹಂಚಿಕೊಳ್ಳುವುದು ಅನಿವಾರ್ಯವಾದರೆ 4 ಸ್ಕ್ವೇರ್ ವೈರ್ ಎಳೆಯಬೇಕು. ಅದರ 32 ಆಂಪಿಯರ್ ಇದೇ ಗುಣಾಕಾರದಲ್ಲಿ 19.5ಕ್ಕೆ ಇಳಿದರೂ 16ಕ್ಕಿಂತ ಮೇಲೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಪ್ರತ್ಯೇಕ ಪೈಪೇ ಒಳ್ಳೆಯದು, ಏಕೆಂದರೆ ವೈರ್ ಬದಲಿಸಬೇಕಾಗಿ ಬಂದಾಗ ಕಿಕ್ಕಿರಿದ ಪೈಪಿನಿಂದ ಅದನ್ನು ಎಳೆದು ತೆಗೆಯುವುದು ಕಷ್ಟ.

ದೀಪ ಮತ್ತು ಫ್ಯಾನುಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ: ಒಂದೂವರೆ ಸ್ಕ್ವೇರ್ ವೈರಿನ 17.5 ಆಂಪಿಯರ್ ಇದೇ ಪರಿಸ್ಥಿತಿಯಲ್ಲಿ 10.7 ಆಗುತ್ತದೆ, 10 ಆಂಪಿಯರಿನ ಎಂಸಿಬಿಗೆ ಅದು ಸಾಕು. ಮೇನ್ ವೈರಿನಲ್ಲಿ ಮಾತ್ರ ಮತ್ತೆ ಎಚ್ಚರ ಬೇಕು. 10 ಸ್ಕ್ವೇರ್ ವೈರ್ 57 ಆಂಪಿಯರ್ ತಾಳುತ್ತದೆಂದು ಪಟ್ಟಿ ಹೇಳಿದರೂ, ಪೈಪಿನಲ್ಲಿ ಅದೊಂದೇ ಇದ್ದಾಗಲೂ 40 ಡಿಗ್ರಿಯಲ್ಲಿ ಅದು 49.6ಕ್ಕೆ ಇಳಿಯುವುದರಿಂದ, 50 ಆಂಪಿಯರಿನ ಮೇನ್‌ಗೆ 16 ಸ್ಕ್ವೇರ್ ಬೇಕಾಗುತ್ತದೆ.

[ದೃಶ್ಯ: ಬಿಚ್ಚಿದ ಸ್ವಿಚ್ ಬೋರ್ಡ್, ಸ್ಕ್ರೂ ಪಕ್ಕದಲ್ಲಿ ಕಂದು ಬಣ್ಣಕ್ಕೆ ತಿರುಗಿದ ವೈರಿನ ತುದಿ.]

ವಾಸಕ್ಕೆ ಬಂದ ಮೇಲೆ ಎಂಸಿಬಿ ಪದೇಪದೇ ಬಿದ್ದರೆ 16ರ ಜಾಗದಲ್ಲಿ 25 ಆಂಪಿಯರಿನದನ್ನು ಹಾಕಿ ಹೋಗುವವರಿದ್ದಾರೆ. ಆಗ ಬೀಳುವುದು ನಿಲ್ಲುತ್ತದೆ, ವೈರ್ ಬಿಸಿಯಾಗುವುದು ನಿಲ್ಲುವುದಿಲ್ಲ. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ಚಿನ ಫಲಕ ಬಿಸಿಯಾಗಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನಿಂದ ಬೋರ್ಡ್ ಬಿಚ್ಚಿಸಿ. ಸ್ಕ್ರೂ ಹತ್ತಿರ ಮಾತ್ರ ಹೊದಿಕೆ ಕಂದಾಗಿದ್ದರೆ ಬಹುಪಾಲು ಜೋಡಣೆ ಸಡಿಲವಾಗಿರುತ್ತದೆ. ಪೈಪಿನಿಂದ ಹೊರಬರುವ ಉದ್ದಕ್ಕೂ ಹೊದಿಕೆ ಗಡುಸಾಗಿ ಬಾಗಿಸಿದರೆ ಬಿರುಕು ಬಿಡುವಂತಿದ್ದರೆ, ಆ ವೈರನ್ನೇ ಬದಲಿಸಬೇಕಾಗುತ್ತದೆ.