ಶಾಲೋಮ್: ಕುಶಲದ ಪ್ರಶ್ನೆ, ಬೀಳ್ಕೊಡುಗೆಯ ಮಾತು

ಮಾನ್ಯರೇ,

ಹೀಬ್ರೂ ಭಾಷೆಯ ‘ಶಾಲೋಮ್’ ಎಂಬ ಪದಕ್ಕೆ ‘ಶಾಂತಿ’ ಎಂದು ಅರ್ಥ ಹೇಳುವುದು ರೂಢಿ. ಅದು ತಪ್ಪಲ್ಲ, ಆದರೆ ಆ ಅರ್ಥವನ್ನಷ್ಟೇ ಹಿಡಿದು ಹೊರಟರೆ ಹಳೆಯ ಹೀಬ್ರೂ ಪಠ್ಯಗಳಲ್ಲಿ ಬಹುಬೇಗ ದಾರಿ ತಪ್ಪುತ್ತೇವೆ. ಬೈಬಲಿನಲ್ಲಿ ದಾವೀದ ಅರಸನು ರಣರಂಗದಿಂದ ಕರೆಸಿಕೊಂಡ ಯೋಧ ಊರೀಯನನ್ನು ಮೂರು ವಿಷಯ ಕೇಳುತ್ತಾನೆ: ಸೇನಾಪತಿ ಯೋವಾಬನ ಶಾಲೋಮ್ ಹೇಗಿದೆ, ಜನರ ಶಾಲೋಮ್ ಹೇಗಿದೆ, ಯುದ್ಧದ ಶಾಲೋಮ್ ಹೇಗಿದೆ. ಯುದ್ಧದ ಶಾಂತಿ ಹೇಗಿದೆ ಎಂದು ಅನುವಾದಿಸಿದರೆ ಮಾತು ಅಸಂಬದ್ಧವಾಗುತ್ತದೆ. ಅರಸನು ಕೇಳುತ್ತಿರುವುದು ಯುದ್ಧ ಸರಿಯಾಗಿ ಸಾಗುತ್ತಿದೆಯೇ ಎಂದು.

ಇದರ ಕೀಲಿ ಪದದ ಧಾತುವಿನಲ್ಲಿದೆ. ಶ, ಲ, ಮ ಎಂಬ ಮೂರು ವ್ಯಂಜನಗಳ ಈ ಧಾತುವಿನಿಂದಲೇ ‘ಶಾಲೇಮ್’, ಅಂದರೆ ಇಡಿಯಾದದ್ದು, ಏನೂ ಕೊರೆಯಾಗದಿರುವುದು ಎಂಬ ಪದವೂ, ‘ಶಿಲ್ಲೇಮ್’, ಅಂದರೆ ತೆತ್ತನು, ತೀರಿಸಿದನು ಎಂಬ ಕ್ರಿಯಾಪದವೂ ಬಂದಿವೆ. ತೋಡಿದ ಗುಂಡಿಯನ್ನು ಮುಚ್ಚದೆ ಬಿಟ್ಟು, ಅದರಲ್ಲಿ ನೆರೆಯವನ ಎತ್ತು ಬಿದ್ದು ಸತ್ತರೆ, ಗುಂಡಿಯ ಒಡೆಯನು ಅದರ ಬೆಲೆ ತೆರಬೇಕು ಎಂಬ, ಬೈಬಲಿನ ವಿಮೋಚನಕಾಂಡದ ಕಾನೂನು ಇದೇ ಕ್ರಿಯಾಪದವನ್ನು ಬಳಸುತ್ತದೆ. ನೆರೆಯವನ ಬದುಕಿನಲ್ಲಿ ಒಂದು ಎತ್ತಿನಷ್ಟು ಕೊರತೆ ಬಿದ್ದಿದೆ, ಅದನ್ನು ತುಂಬಿಕೊಡಬೇಕು. ಇಂದಿನ ಇಸ್ರೇಲಿನಲ್ಲಿ ಅಂಗಡಿಯಲ್ಲಿ ಹಣ ಕೊಡುವುದಕ್ಕೂ ‘ಲೆಶಾಲೇಮ್’ ಎಂದೇ ಹೇಳುತ್ತಾರೆ. ಹೀಗಾಗಿ ನನ್ನ ತಿಳಿವಳಿಕೆಯಲ್ಲಿ ಶಾಲೋಮ್‌ಗೆ ಶಾಂತಿಗಿಂತ ಹತ್ತಿರದ ಕನ್ನಡ ಪದ ‘ಕ್ಷೇಮ’: ಮನೆ, ಮಕ್ಕಳು, ಹಟ್ಟಿ, ಬೆಳೆ ಎಲ್ಲವೂ ನೆಟ್ಟಗಿರುವ ಸ್ಥಿತಿ.

ದಿನಬಳಕೆಯ ನುಡಿಗಳು ಇದನ್ನೇ ಹೇಳುತ್ತವೆ. ಗಂಡಸನ್ನು ‘ಮಾ ಶ್ಲೋಮ್ಖಾ’ ಎಂದೂ ಹೆಂಗಸನ್ನು ‘ಮಾ ಶ್ಲೋಮೇಖ್’ ಎಂದೂ ಕೇಳಿದರೆ ‘ನಿನ್ನ ಕ್ಷೇಮ ಹೇಗಿದೆ’ ಎಂದು ಕೇಳಿದಂತೆ. ‘ಕೇಳಿದೆನೆಂದು ಹೇಳಿ’ ಎಂದು ನಾವು ಹೇಳಿಕಳಿಸುವುದಕ್ಕೆ ಅಲ್ಲಿ ‘ದ್ರಿಶಾತ್ ಶಾಲೋಮ್’, ಅಂದರೆ ಕ್ಷೇಮದ ವಿಚಾರಣೆ, ಎನ್ನುತ್ತಾರೆ. ಮಾತಿನಲ್ಲಿ ಅದು ‘ದಶ್’ ಎಂದು ಮೊಟಕಾಗಿದೆ. ‘ಶಾಲೋಮ್ ಅಲೇಖೆಮ್’ ಎಂದವರಿಗೆ ಪದಗಳನ್ನು ತಿರುಗಿಸಿ ‘ಅಲೇಖೆಮ್ ಶಾಲೋಮ್’ ಎಂದು ಉತ್ತರಿಸಬೇಕು. ಎದುರಿಗೆ ಒಬ್ಬರೇ ಇದ್ದರೂ ‘ನಿಮ್ಮ ಮೇಲೆ’ ಎಂಬ ಬಹುವಚನವೇ ಉಳಿಯುತ್ತದೆ. ನಮ್ಮ ಕಿವಿಗೆ ಪರಿಚಿತವಾದ ಅರಬ್ಬಿಯ ‘ಅಸ್ಸಲಾಮು ಅಲೈಕುಮ್’ ಮತ್ತು ಅದರ ಉತ್ತರ ಇದರ ಒಡಹುಟ್ಟುಗಳು. ಕನ್ನಡದ ‘ಸಲಾಮು’ ಬಂದಿರುವುದು ಆ ಕವಲಿನಿಂದ.

ಬೀಳ್ಕೊಡುವ ಮಾತಿನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಹೊರಟವನಿಗೆ ‘ಲೇಖ್ ಲೆಶಾಲೋಮ್’, ಕ್ಷೇಮದ ಕಡೆಗೆ ಹೋಗು, ಎನ್ನಬೇಕು. ‘ಲೇಖ್ ಬೆಶಾಲೋಮ್’, ಕ್ಷೇಮದಲ್ಲಿ ಹೋಗು, ಎನ್ನಬಾರದು, ಅದು ತೀರಿಕೊಂಡವರಿಗೆ ಹೇಳುವ ಮಾತು ಎಂದು ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ‘ಬೆರಾಖೋತ್’ ಭಾಗ ವಿಧಿಸುತ್ತದೆ. ಬದುಕಿರುವವನು ಇನ್ನೂ ಪೂರ್ಣತೆಯತ್ತ ನಡೆಯುತ್ತಿದ್ದಾನೆ, ಸತ್ತವನು ಅದರೊಳಗೆ ಸೇರಿದ್ದಾನೆ ಎಂಬುದು ಅದರ ಹಿಂದಿನ ಭಾವವೆಂದು ನನಗೆ ತೋರುತ್ತದೆ. ತಾಲ್ಮುದ್ ಎರಡು ನಿದರ್ಶನ ಕೊಡುತ್ತದೆ: ಇತ್ರೋ ತನ್ನ ಅಳಿಯ ಮೋಶೆಗೆ ‘ಲೆಶಾಲೋಮ್’ ಎಂದ, ಮೋಶೆ ಏಳಿಗೆ ಹೊಂದಿದ, ದಾವೀದನು ಮಗ ಅಬ್ಷಾಲೋಮನಿಗೆ ‘ಬೆಶಾಲೋಮ್’ ಎಂದ, ಮಗ ಮರಕ್ಕೆ ತೂಗಿಬಿದ್ದು ಸತ್ತ. ಆದರೆ ಈ ಭೇದವನ್ನು ಬೈಬಲಿಗೆ ಪೂರ್ತಿಯಾಗಿ ಹೊಂದಿಸಲಾಗದು. ಗತ್ ಊರಿನ ಅರಸ ಆಕೀಷನು ದಾವೀದನಿಗೂ ‘ಬೆಶಾಲೋಮ್’ ಎಂದೇ ಹೇಳಿ ಕಳಿಸುತ್ತಾನೆ, ದಾವೀದನಿಗೆ ಏನೂ ಆಗುವುದಿಲ್ಲ. ಇದು ನಂತರದ ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಕಂಡುಕೊಂಡ ಸೂಕ್ಷ್ಮ.

ಅಬ್ಷಾಲೋಮನ ಪ್ರಸಂಗವನ್ನು ಮೂಲದಲ್ಲಿ ಓದುವಾಗ ಈ ಧಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅವನ ಹೆಸರಿನಲ್ಲೇ ಶಾಲೋಮ್ ಇದೆ. ಹೆಬ್ರೋನಿಗೆ ಹೋಗಿ ಹರಕೆ ತೀರಿಸಿ ಬರುತ್ತೇನೆ ಎಂದು ಅವನು ತಂದೆಯ ಅಪ್ಪಣೆ ಕೇಳುತ್ತಾನೆ. ‘ತೀರಿಸು’ ಎಂಬಲ್ಲಿರುವುದು ಅದೇ ಶಿಲ್ಲೇಮ್. ‘ಬೆಶಾಲೋಮ್ ಹೋಗು’ ಎಂದು ತಂದೆ ಕಳಿಸುತ್ತಾನೆ. ಮಗನು ಹೋಗಿ ತಂದೆಯ ವಿರುದ್ಧ ದಂಗೆಯೇಳುತ್ತಾನೆ. ಯುದ್ಧ ಮುಗಿದ ದಿನ ಊರಬಾಗಿಲಲ್ಲಿ ಕಾದು ಕುಳಿತ ಅರಸನ ಬಳಿಗೆ ಅಹೀಮಾಚನೆಂಬ ಓಟಗಾರ ಮೊದಲು ಬಂದು ‘ಶಾಲೋಮ್’ ಎಂದು ಕೂಗುತ್ತಾನೆ. ಅದು ವಂದನೆಯೂ ಹೌದು, ಗೆದ್ದೆವು ಎಂಬ ಸುದ್ದಿಯೂ ಹೌದು. ಅರಸನಿಗೆ ಅದು ಸಾಲದು. ‘ಶಾಲೋಮ್ ಲನ್ನಾಅರ್ ಲೆಅವ್ಶಾಲೋಮ್’, ಹುಡುಗ ಅಬ್ಷಾಲೋಮ ಕ್ಷೇಮವೇ, ಎಂದು ಕೇಳುತ್ತಾನೆ. ಓಟಗಾರ ಗದ್ದಲವೊಂದು ಕಂಡಿತು, ಏನೆಂದು ತಿಳಿಯಲಿಲ್ಲ ಎಂದು ನುಣುಚಿಕೊಳ್ಳುತ್ತಾನೆ. ಎರಡನೆಯ ದೂತ ಬಂದಾಗಲೂ ಅರಸನದು ಅದೇ ಪ್ರಶ್ನೆ. ಆ ದೂತನ ಬಾಯಲ್ಲಿ ಶಾಲೋಮ್ ಎಂಬ ಪದ ಬರುವುದಿಲ್ಲ. ನನ್ನ ಒಡೆಯನ ಶತ್ರುಗಳೆಲ್ಲ ಆ ಹುಡುಗನಂತಾಗಲಿ ಎನ್ನುತ್ತಾನೆ. ಅರಸನು ಬಾಗಿಲ ಮೇಲಿನ ಕೋಣೆಗೆ ಹತ್ತುತ್ತಾ ಮಗನ ಹೆಸರು ಹಿಡಿದು ಅಳುತ್ತಾನೆ.